ಮೊದಲ ವರ್ಷದ ಮೆಡಿಕಲ್ ಪುಸ್ತಕ: 'ಎಕ್ಸೆಪ್ಟ್' ಅನ್ನೋ ಒಂದು ಮಾತು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ನಾನು ದೊಡ್ಡ ವಿಷಯ ಮಾತಾಡೋದಕ್ಕೆ ಬಂದಿಲ್ಲ. ಒಬ್ಬ ಹುಡುಗನ ಒಂದು ಉತ್ತರ ಪತ್ರಿಕೆಯ ಬಗ್ಗೆ ಮಾತಾಡ್ತೀನಿ. ಇಲ್ಲಿ ಈ ವರ್ಷ ಮೆಡಿಕಲ್ ಸೇರಿದವರು ಇದ್ದೀರಿ, ಅವರಿಗೆ ಅಣ್ಣ ಅಕ್ಕ ಅನ್ನಿಸಿಕೊಂಡ ಸೀನಿಯರುಗಳೂ ಇದ್ದೀರಿ. ಇಬ್ಬರೂ ಕೇಳಬೇಕು.

ಆ ಹುಡುಗ ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವನು. ಪಿಯುಸಿಯಲ್ಲಿ ಇಂಗ್ಲಿಷ್ ಬಂತು. ಎರಡು ವರ್ಷ ಬಾಯಿಪಾಠದಲ್ಲೇ ದಾಟಿದ. 2017ರಿಂದ ನೀಟ್ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಇವನೂ ಹಾಗೇ ಬರೆದು ಸೀಟು ಗೆದ್ದ. ಬಾಗಿಲವರೆಗೂ ಕನ್ನಡ ಕೈ ಹಿಡಿದು ಕರಕೊಂಡು ಬಂತು. ಬಾಗಿಲು ದಾಟಿದ ಕೂಡಲೇ ಪಾಠ, ಪುಸ್ತಕ, ಪರೀಕ್ಷೆ, ವೈವಾ, ಎಲ್ಲಾ ಇಂಗ್ಲಿಷು. 2019ರ ಹೊಸ ಪಠ್ಯಕ್ರಮದಲ್ಲಿ ಆರಂಭಕ್ಕೆ ಫೌಂಡೇಶನ್ ಕೋರ್ಸ್ ಅಂತ ಇಟ್ಟರು, ಅದರಲ್ಲಿ ಭಾಷೆ ಕಲಿಸುವ ಗಂಟೆಗಳೂ ಸೇರಿವೆ. ಇರಲಿ, ಒಳ್ಳೆಯದೇ. ಆದರೆ 'ಗುಡ್ ಮಾರ್ನಿಂಗ್, ಹೌ ಆರ್ ಯು' ಕಲಿತ ಮಾತ್ರಕ್ಕೆ ಅನಾಟಮಿ ಪುಸ್ತಕದ ಒಂದು ಪುಟ ಬಿಚ್ಚಿಕೊಳ್ಳೋದಿಲ್ಲ.

ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಅವನು ಫೇಲಾದ. ಪೆಟ್ಟಿಗೆ ಕಟ್ಟಿ ಊರಿಗೆ ಹೊರಟಿದ್ದ. 'ಅಣ್ಣಾ, ಒಂದು ಪುಟ ಓದಕ್ಕೆ ಮೂರು ಗಂಟೆ ಹಿಡೀತದೆ. ಡಿಕ್ಷನರಿ ನೋಡಿ ನೋಡಿ ಸಾಕಾಗದೆ. ನನಗೆ ತಲೆ ಇಲ್ಲ' ಅಂದ. ನಾನು ಅವನ ಪುಸ್ತಕ ಇಸಕೊಂಡು ನೋಡಿದೆ. ಸಾಲು ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿದ್ದ. ಕಷ್ಟದಲ್ಲಿ ಕಮ್ಮಿ ಇರಲಿಲ್ಲ. ಆದರೆ ಅವನು ಅರ್ಥ ಹುಡುಕಿದ್ದು ಎಲ್ಲಾ ಉದ್ದುದ್ದ ಹೆಸರುಗಳಿಗೆ. ಹುಡುಕದೆ ದಾಟಿ ಹೋಗಿದ್ದು ಪುಟ್ಟ ಪುಟ್ಟ ಮಾತುಗಳನ್ನ. ಅವನು ಬಿದ್ದದ್ದು ಅಲ್ಲೇ.

ಮೆಡಿಕಲ್ ಪುಸ್ತಕದಲ್ಲಿ ಎರಡು ಭಾಷೆ ಇದೆ. ಒಂದು, ಹೆಸರುಗಳ ಭಾಷೆ. ಅದು ಇಂಗ್ಲಿಷೇ ಅಲ್ಲ, ಲ್ಯಾಟಿನ್ನು ಮತ್ತು ಗ್ರೀಕು. ಕಾನ್ವೆಂಟಿನಲ್ಲಿ ಓದಿ ಬಂದವನಿಗೂ 'ಫ್ಲೆಕ್ಸಾರ್ ಡಿಜಿಟೋರಮ್ ಪ್ರೊಫಂಡಸ್' ಅಂದರೆ ಮೊದಲ ದಿನ ನಮ್ಮ ಹಾಗೇ ಬಾಯಿ ಬಿಡಬೇಕು. ಅದನ್ನು ಅವನು ಸಲೀಸಾಗಿ ಉಚ್ಚರಿಸ್ತಾನೆ, ಅಷ್ಟೇ. ಉಚ್ಚಾರಣೆಗೆ ಹೆದರಿಕೊಂಡು ಅವನಿಗೆ ಅರ್ಥವಾಗಿದೆ ಅಂತ ನಾವು ತಿಳಕೊಳ್ತೀವಿ. ಎರಡನೆಯದು, ಆ ಹೆಸರುಗಳನ್ನು ಒಂದಕ್ಕೊಂದು ಕಟ್ಟುವ ಸಣ್ಣ ಮಾತುಗಳ ಭಾಷೆ: ಎಕ್ಸೆಪ್ಟ್, ವೇರ್ಆಸ್, ಅನ್ಲೆಸ್, ಡೀಪ್ ಟು, ವಿಚ್. ಇದು ನಿಜವಾದ ಇಂಗ್ಲಿಷು. ಕಾನ್ವೆಂಟಿನವನಿಗೆ ಇದು ಹಾಲು ಕುಡಿದಷ್ಟು ಸುಲಭ. ನಮಗೆ ಮುಳ್ಳು ಇರೋದು ಇಲ್ಲಿ.

ಹೆಸರುಗಳ ಭಾಷೆಯನ್ನು ಒಡೆದು ಓದಬೇಕು. ಫ್ಲೆಕ್ಸಾರ್ ಅಂದರೆ ಮಡಿಸುವುದು. ಡಿಜಿಟೋರಮ್ ಅಂದರೆ ಬೆರಳುಗಳ. ಪ್ರೊಫಂಡಸ್ ಅಂದರೆ ಆಳದ್ದು. 'ಬೆರಳುಗಳನ್ನು ಮಡಿಸುವ, ಆಳದಲ್ಲಿರುವ ಸ್ನಾಯು.' ಹೆಸರಲ್ಲೇ ಅದರ ಕೆಲಸ, ಜಾಗ ಎರಡೂ ಇದೆ. ಆಳದ್ದು ಅಂತ ಒಂದಿದ್ದರೆ ಮೇಲಿನದು ಅಂತ ಇನ್ನೊಂದು ಇರಲೇಬೇಕಲ್ಲ? ಇದೆ: ಫ್ಲೆಕ್ಸಾರ್ ಡಿಜಿಟೋರಮ್ ಸೂಪರ್ಫಿಷಿಯಾಲಿಸ್. ಲಾಂಗಸ್ ಅಂದರೆ ಉದ್ದದ್ದು, ಬ್ರೆವಿಸ್ ಅಂದರೆ ಗಿಡ್ಡದ್ದು, ಪಾಲಿಸಿಸ್ ಅಂದರೆ ಹೆಬ್ಬೆರಳಿನದು. ಇಂಥ ನೂರು ತುಂಡು ಕಲಿತರೆ ಸಾವಿರ ಹೆಸರು ತಾವಾಗಿಯೇ ಬಾಯಿ ಬಿಡ್ತವೆ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಐದು ತುಂಡು ಬರೆದುಕೊಳ್ಳಿ. ಪೂರ್ತಿ ಹೆಸರು ಬರೆಯಬೇಡಿ, ತುಂಡು ಬರೆಯಿರಿ.

ಇಲ್ಲೊಂದು ಎಚ್ಚರಿಕೆ. ಈ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಮಾತ್ರ ಬರೆದುಕೊಳ್ಳಬೇಡಿ. 'ಇಲಿಯಮ್' ಅಂತ ಬರೆದರೆ ಅದು ಸಣ್ಣ ಕರುಳಿನ ಕೊನೆಯ ಭಾಗವೂ ಹೌದು, ಸೊಂಟದ ಮೂಳೆಯೂ ಹೌದು. ಇಂಗ್ಲಿಷ್ ಕಾಗುಣಿತದಲ್ಲಿ ಎಲ್ ಆದಮೇಲೆ ಇ ಬಂದರೆ ಕರುಳು, ಐ ಬಂದರೆ ಮೂಳೆ. ಹಾಗೇ ಅಬ್ಡಕ್ಷನ್ ಅಂದರೆ ಮೈಯಿಂದ ದೂರ ಸರಿಸೋದು, ಅಡ್ಡಕ್ಷನ್ ಅಂದರೆ ಮೈಯ ಕಡೆಗೆ ತರೋದು. ಕ್ಲಾಸಿನ ಕೊನೇ ಬೆಂಚಿಗೆ ಎರಡೂ ಒಂದೇ ಥರ ಕೇಳಿಸ್ತದೆ. ಅದಕ್ಕೇ ಎಷ್ಟೋ ಮೇಷ್ಟ್ರುಗಳು 'ಎ ಬಿ ಡಕ್ಷನ್, ಎ ಡಿ ಡಕ್ಷನ್' ಅಂತ ಅಕ್ಷರ ಬಿಡಿಸಿ ಹೇಳ್ತಾರೆ. ಹಾಗೆ ಹೇಳದೇ ಹೋದರೆ ಕೈ ಎತ್ತಿ ಕೇಳಿ. ನಾಚಿಕೆ ಬೇಡ, ಮುಂದಿನ ಬೆಂಚಿನವನಿಗೂ ಅದು ಕೇಳಿಸಿರೋದಿಲ್ಲ.

ಈಗ ಆ ಹುಡುಗನ ಉತ್ತರ ಪತ್ರಿಕೆಗೆ ಬರೋಣ. ಅಲ್ನರ್ ನರ ಕೆಟ್ಟರೆ ಕೈ ಹೇಗಾಗ್ತದೆ, ಯಾಕೆ, ಅಂತ ಪ್ರಶ್ನೆ. ಇವನು ಬರೆದದ್ದು: ಅಂಗೈಯ ಸ್ನಾಯು ಎಲ್ಲಾ ಅಲ್ನರ್ ನರದ್ದೇ, ಆದ್ದರಿಂದ ಐದೂ ಬೆರಳು ಸೊಟ್ಟಗಾಗ್ತವೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿದ್ದರು. ಅವನು ಓದಿಕೊಂಡಿದ್ದ ವಾಕ್ಯ ಸುಮಾರು ಹೀಗಿತ್ತು:

'ಆಲ್ ದಿ ಇಂಟ್ರಿನ್ಸಿಕ್ ಮಸಲ್ಸ್ ಆಫ್ ದಿ ಹ್ಯಾಂಡ್ ಆರ್ ಸಪ್ಲೈಡ್ ಬೈ ದಿ ಅಲ್ನರ್ ನರ್ವ್, ಎಕ್ಸೆಪ್ಟ್ ದಿ ತ್ರೀ ಥೀನಾರ್ ಮಸಲ್ಸ್ ಅಂಡ್ ದಿ ಲ್ಯಾಟರಲ್ ಟೂ ಲಂಬ್ರಿಕಲ್ಸ್, ವಿಚ್ ಆರ್ ಸಪ್ಲೈಡ್ ಬೈ ದಿ ಮೀಡಿಯನ್ ನರ್ವ್.'

ಇವನು ಇಂಟ್ರಿನ್ಸಿಕ್, ಥೀನಾರ್, ಲಂಬ್ರಿಕಲ್ ಮೂರಕ್ಕೂ ಅರ್ಥ ಹುಡುಕಿದ್ದ. ಎಕ್ಸೆಪ್ಟ್ ಮೇಲೆ ಪೆನ್ಸಿಲ್ ಗುರುತೇ ಇಲ್ಲ. 'ಒಪ್ಪಿಕೊಳ್ಳೋದು ಅಂತ ಅಲ್ವಾ ಅಣ್ಣ?' ಅಂದ. ಅದು ಬೇರೆ ಪದ, ಅದರಲ್ಲಿ ಎ ಸಿ ಸಿ ಬರ್ತದೆ. ಇದರಲ್ಲಿ ಇ ಎಕ್ಸ್ ಸಿ. ಇದರ ಅರ್ಥ 'ಬಿಟ್ಟು'. ಆ ಒಂದು 'ಬಿಟ್ಟು' ಬಿಟ್ಟು ಹೋದದ್ದಕ್ಕೆ ಇಡೀ ಕೈ ತಪ್ಪಾಯ್ತು.

ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರ್ತದೆ. ಬಿಡಬೇಕಾದ್ದನ್ನು ಮೊದಲೇ ಬಿಟ್ಟು ಆಮೇಲೆ ಮಾತು ಮುಗಿಸ್ತೀವಿ: 'ಇವೈದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ನರ್ ನರದ್ದು.' ಇಂಗ್ಲಿಷಿನವನು ಮೊದಲೇ 'ಎಲ್ಲಾ' ಅಂತ ಹೇಳಿ, ಕ್ರಿಯಾಪದ ಮುಗಿಸಿ, ಆಮೇಲೆ ನಿಧಾನಕ್ಕೆ 'ಇವನ್ನು ಬಿಟ್ಟು' ಅಂತಾನೆ. ನಮ್ಮ ಕಿವಿಗೆ ಕ್ರಿಯಾಪದ ಬಂದ ಕೂಡಲೇ ವಾಕ್ಯ ಮುಗೀತು ಅನ್ನಿಸ್ತದೆ. ಬಾಲ ಓದೋದಿಲ್ಲ. ಪರೀಕ್ಷೆಯ ಪ್ರಶ್ನೆ ಇರೋದು ಬಾಲದಲ್ಲೇ.

ಇದಕ್ಕೆ ಮದ್ದು ಏನು? ಉದ್ದನೆಯ ವಾಕ್ಯ ಸಿಕ್ಕಿದಾಗ ಮೂರು ಕೆಲಸ ಮಾಡಿ. ಮೊದಲು ಕ್ರಿಯಾಪದ ಹುಡುಕಿ ಅಡಿಗೆರೆ ಎಳೆಯಿರಿ. ಇಲ್ಲಿ 'ಆರ್ ಸಪ್ಲೈಡ್ ಬೈ', ಅದೂ ಎರಡು ಸಲ. ಎರಡು ಕ್ರಿಯಾಪದ ಇದ್ದರೆ ಎರಡು ವಾಕ್ಯ ಅಂತ ಲೆಕ್ಕ. ಆಮೇಲೆ ಕಟ್ಟುವ ಮಾತಿನ ಸುತ್ತ ದುಂಡಗೆ ಗೀಟು ಹಾಕಿ: ಎಕ್ಸೆಪ್ಟ್, ವಿಚ್. ಕೊನೆಗೆ 'ವಿಚ್' ಅಂದರೆ ಯಾವುದು ಅಂತ ಹಿಂದಕ್ಕೆ ಬಾಣ ಹಾಕಿ. ಇಲ್ಲಿ ವಿಚ್ ಅಂದರೆ ಬಿಟ್ಟ ಆ ಐದು. ಈಗ ವಾಕ್ಯ ಎರಡಾಯ್ತು. ಮೂರು ಥೀನಾರ್, ಎರಡು ಲಂಬ್ರಿಕಲ್, ಒಟ್ಟು ಐದು, ಮೀಡಿಯನ್ ನರದ್ದು. ಅಂಗೈಯಲ್ಲೇ ಹುಟ್ಟಿ ಅಲ್ಲೇ ಮುಗಿಯುವ ಮಿಕ್ಕ ಸ್ನಾಯುಗಳೆಲ್ಲ ಅಲ್ನರ್ ನರದ್ದು. ಇಷ್ಟೇ.

ಇನ್ನೂ ಒಂದು ಮಾತು ಉಳೀತು. ಲ್ಯಾಟರಲ್ ಟೂ ಅಂದರೆ ಯಾವ ಎರಡು? ಲ್ಯಾಟರಲ್ ಅಂದರೆ ನಡುಗೆರೆಯಿಂದ ಹೊರಬದಿ. ಸುಮ್ಮನೆ ಕೈ ಇಳಿಬಿಟ್ಟು ನಿಂತರೆ ಹೆಬ್ಬೆರಳು ಮುಂದಕ್ಕೆ ನೋಡ್ತದೆ. ಆದರೆ ಅನಾಟಮಿಯಲ್ಲಿ ಯಾವಾಗಲೂ ಅಂಗೈ ಮುಂದಕ್ಕೆ ತಿರುಗಿಸಿ ನಿಂತ ಮನುಷ್ಯನನ್ನೇ ಮನಸ್ಸಿನಲ್ಲಿಟ್ಟು ಹೇಳೋದು. ಹಾಗೆ ನಿಂತುಕೊಳ್ಳಿ, ಹೆಬ್ಬೆರಳು ಹೊರಬದಿಗೆ ಬರ್ತದೆ. ಆಗ ಲ್ಯಾಟರಲ್ ಎರಡು ಅಂದರೆ ತೋರುಬೆರಳಿನದು ಮತ್ತು ನಡುಬೆರಳಿನದು. ಓದುವಾಗ ಕೂತಲ್ಲೇ ಇರಬೇಡಿ, ಎದ್ದು ನಿಂತು ಕೈ ತಿರುಗಿಸಿ ಓದಿ. ಗೊತ್ತಿರೋ ಪದವೇ ಇಲ್ಲಿ ಮೋಸ ಮಾಡ್ತದೆ ಅನ್ನೋದನ್ನೂ ನೆನಪಿಡಿ. ನಮಗೆ ಕೈ ಅಂದರೆ ಭುಜದಿಂದ ಬೆರಳವರೆಗೆ. ಅನಾಟಮಿ ಪುಸ್ತಕದ 'ಆರ್ಮ್' ಅಂದರೆ ಭುಜದಿಂದ ಮೊಣಕೈವರೆಗೆ ಮಾತ್ರ. 'ಲೆಗ್' ಅಂದರೆ ಮೊಣಕಾಲಿನಿಂದ ಪಾದದ ಕೀಲಿನವರೆಗೆ ಮಾತ್ರ. 'ರಿಲೇಶನ್ಸ್' ಅಂದರೆ ನೆಂಟರಲ್ಲ, ಅಕ್ಕಪಕ್ಕ ಮುಂದೆ ಹಿಂದೆ ಏನಿದೆ ಅನ್ನೋದು.

ಇಷ್ಟಾದ ಮೇಲೆ ನಾನು ಅವನನ್ನ ಕೇಳಿದೆ: 'ನಿಮ್ಮ ಕೇರೀಲಿ ಕುಷ್ಠ ವಾಸಿಯಾದವರು ಯಾರಾದರೂ ಇದ್ದಾರೇನಪ್ಪ?' 'ನಮ್ಮ ದೊಡ್ಡಜ್ಜನೇ ಇದ್ರಲ್ಲ' ಅಂದ. 'ಅವರ ಕೈ ಹೆಂಗಿತ್ತು?' ಹುಡುಗ ತನ್ನ ಕೈಯನ್ನೇ ಹಾಗೆ ಮಾಡಿ ತೋರಿಸಿದ. ಕಿರುಬೆರಳು, ಉಂಗುರದ ಬೆರಳು ಎರಡು ಮಾತ್ರ ಬುಡದಲ್ಲಿ ಹಿಂದಕ್ಕೆ ಬಾಗಿ, ಮುಂದೆ ಕೊಕ್ಕೆಯ ಹಾಗೆ ಮಡಿಸಿಕೊಂಡಿದ್ದವು. ತೋರುಬೆರಳು, ನಡುಬೆರಳು ಹೆಚ್ಚು ಕಡಿಮೆ ನೆಟ್ಟಗಿದ್ದವು. ಬೀಡಿ ಹಿಡಿಯೋದು ಆ ಎರಡರಲ್ಲೇ.

ಪುಸ್ತಕ ಹೇಳಿದ್ದು ಅದೇ ಕೈಯನ್ನ. ಮೊಣಕೈಯ ಒಳಬದಿಯ ಗುಬುಟಿಗೆ ಏನಾದರೂ ತಾಗಿದರೆ ಕಿರುಬೆರಳವರೆಗೂ ಕರೆಂಟು ಹೊಡೆದಂತಾಗ್ತದಲ್ಲ, ಅದೇ ಅಲ್ನರ್ ನರ. ಕುಷ್ಠದಲ್ಲಿ ಹೆಚ್ಚಾಗಿ ಕೆಡುವ ನರಗಳಲ್ಲಿ ಇದೂ ಒಂದು. ಲಂಬ್ರಿಕಲ್ ಅಂದರೆ ಎರೆಹುಳದ ಆಕಾರದ್ದು ಅಂತ ಅರ್ಥ. ಅವು ತೆಳ್ಳಗಿನ ನಾಲ್ಕು ಸ್ನಾಯು. ಮೂಳೆಗಳ ನಡುವಿನ ಇಂಟರಾಸಿಯೈ ಸ್ನಾಯುಗಳ ಜೊತೆ ಸೇರಿ ಬೆರಳನ್ನು ಬುಡದಲ್ಲಿ ಮಡಿಸಿ ತುದಿಯ ಕಡೆ ನೆಟ್ಟಗೆ ಹಿಡೀತವೆ. ಅಲ್ನರ್ ನರ ಕೆಟ್ಟರೆ ಇಂಟರಾಸಿಯೈ ಎಲ್ಲಾ ಬೆರಳಲ್ಲೂ ಹೋಗ್ತವೆ. ಕಿರುಬೆರಳು ಉಂಗುರಬೆರಳಿಗೆ ಲಂಬ್ರಿಕಲ್ಲೂ ಹೋಗ್ತದೆ, ಅವು ಕೊಕ್ಕೆಯಾಗ್ತವೆ. ತೋರುಬೆರಳು ನಡುಬೆರಳಿಗೆ ಲಂಬ್ರಿಕಲ್ ಉಳೀತದೆ. ಯಾಕೆ? ಆ ಎರಡು ಮೀಡಿಯನ್ ನರದ್ದು. ಅಂದರೆ ಆ 'ಎಕ್ಸೆಪ್ಟ್' ಇದ್ದದ್ದಕ್ಕೇ ಅಜ್ಜನಿಗೆ ಎರಡು ಬೆರಳು ಉಳಿದದ್ದು. ಎರಡೂ ನರ ಕೆಟ್ಟವರಿಗೆ ನಾಲ್ಕೂ ಬೆರಳು ಕೊಕ್ಕೆಯಾಗ್ತವೆ.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ಇದು ನನಗೆ ಗೊತ್ತಿತ್ತಲ್ಲಣ್ಣ' ಅಂದ. ಹೌದು, ಗೊತ್ತಿತ್ತು. ಹತ್ತು ವರ್ಷ ಕಣ್ಣೆದುರು ಇದ್ದ ಕೈ. ಅವನ ಪಕ್ಕದ ಬೆಂಚಿನವನು ಆ ಕೈಯನ್ನು ಚಿತ್ರದಲ್ಲಿ ಬಿಟ್ಟರೆ ನೋಡೇ ಇರಲಿಲ್ಲ. ಇವನಿಗೆ ಗೊತ್ತಿದ್ದಕ್ಕೂ ಪುಸ್ತಕಕ್ಕೂ ನಡುವೆ ಒಂದು ಪುಟ್ಟ ಇಂಗ್ಲಿಷ್ ಪದ ಅಡ್ಡ ನಿಂತಿತ್ತು.

ಸರಿ, ಪುಸ್ತಕ ಆಯ್ತು. ಕ್ಲಾಸು? ಪುಸ್ತಕವಾದರೆ ನಿಂತಿರ್ತದೆ, ಮೇಷ್ಟ್ರ ಮಾತು ಓಡ್ತದೆ. ಎಲ್ಲಾ ಬರೆದುಕೊಳ್ತೀನಿ ಅಂತ ಹೊರಟರೆ ಮೊದಲ ವಾಕ್ಯ ಬರೆಯುವಷ್ಟರಲ್ಲಿ ಮೂರನೆಯದು ಮುಗಿದಿರ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡ್ತೀನಿ ಅಂತೀರಿ. ಮಾಡಿದವರನ್ನ ನೋಡಿದ್ದೀನಿ. ಅರವತ್ತು ಗಂಟೆ ಪಾಠ ಮೊಬೈಲಿನಲ್ಲಿ ಕೂಡಿಟ್ಟು ಒಂದನ್ನೂ ಮತ್ತೆ ಕೇಳಿರಲಿಲ್ಲ.

ಬದಲಿಗೆ ಹಿಂದಿನ ರಾತ್ರಿ ಇಪ್ಪತ್ತೇ ನಿಮಿಷ ಕೊಡಿ. ನಾಳೆಯ ಪಾಠದ ತಲೆಬರಹಗಳು, ಚಿತ್ರಗಳ ಪಕ್ಕದ ಹೆಸರುಗಳು, ಇಷ್ಟನ್ನು ಮಾತ್ರ ನೋಡಿ. ಪ್ಯಾರಾ ಓದಬೇಡಿ. ಒಂದು ಹಾಳೆಯ ಎಡಗಡೆ ಹದಿನೈದು ಹೆಸರು ಇಂಗ್ಲಿಷಿನಲ್ಲಿ ಬರೆದು, ಬಲಗಡೆ ಖಾಲಿ ಬಿಡಿ. ಕ್ಲಾಸಿನಲ್ಲಿ ಆ ಹೆಸರು ಕಿವಿಗೆ ಬಿದ್ದಾಗ ಅದರ ಮುಂದೆ ಒಂದು ಬಾಣ, ಒಂದು ಮಾತು ಬರೆಯಿರಿ. ಕನ್ನಡದಲ್ಲಾದರೂ ಸರಿ. ಕೇಳಿಸದೇ ಹೋದದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ ಮುಂದಕ್ಕೆ ಹೋಗಿ, ಅಲ್ಲೇ ನಿಂತು ಕೊರಗಬೇಡಿ. ಮೇಷ್ಟ್ರು 'ಹವೆವರ್' ಅಂದರೆ ಇಲ್ಲಿವರೆಗೆ ಹೇಳಿದ್ದು ತಿರುವು ತಗೊಳ್ತದೆ ಅಂತ ಅರ್ಥ. 'ದಟ್ ಈಸ್ ವೈ' ಅಂದರೆ ಕಾರಣ ಹೇಳಿ ಆಯ್ತು, ಈಗ ಪರಿಣಾಮ ಬರ್ತದೆ. ಆ ಎರಡು ಮಾತಿನ ನಂತರದ ವಾಕ್ಯವನ್ನ ಬಿಡಬೇಡಿ. ಅದೇ ದಿನ ರಾತ್ರಿ ಪ್ರಶ್ನೆ ಚಿಹ್ನೆಗಳನ್ನ ಸೀನಿಯರ ಹತ್ತಿರ ತುಂಬಿಸಿಕೊಳ್ಳಿ. ಮೂರು ದಿನ ಬಿಟ್ಟರೆ ಅದು ಯಾಕೆ ಹಾಕಿದ್ದು ಅಂತ ನಿಮಗೇ ಮರೆತಿರ್ತದೆ.

ಫಿಸಿಯಾಲಜಿಗೆ ಈ ಹೆಸರು ಒಡೆಯುವ ಉಪಾಯ ಅಷ್ಟಾಗಿ ಸಾಲದು. ಅಲ್ಲಿ ಹೆಸರು ಕಮ್ಮಿ, ವಾದ ಜಾಸ್ತಿ. ರಕ್ತದ ಒತ್ತಡ ಇಳಿದರೆ, ಕತ್ತಿನ ರಕ್ತನಾಳದ ಬ್ಯಾರೊರಿಸೆಪ್ಟರ್‌ಗಳಿಂದ ಮಿದುಳಿಗೆ ಹೋಗುವ ಸಂಕೇತ ಕಡಿಮೆಯಾಗ್ತದೆ, ಅದರಿಂದ ತಡೆ ಕಡಿಮೆಯಾಗ್ತದೆ, ಅದರಿಂದ ಹೃದಯ ಜೋರಾಗಿ ಬಡೀತದೆ. 'ತಡೆ ಕಡಿಮೆಯಾಯ್ತು' ಅಂದರೆ ಕೆಲಸ ಹೆಚ್ಚಾಯ್ತು. ಇಂಗ್ಲಿಷಿನಲ್ಲಿ 'ಡಿಕ್ರೀಸ್ಡ್ ಇನ್ಹಿಬಿಷನ್' ಅಂತ ಎರಡು ಇಲ್ಲ ಒಟ್ಟಿಗೆ ಬಂದಾಗ ತಲೆ ಗಿರ್ರನ್ನುತ್ತೆ. ಅಲ್ಲಿ ವಾಕ್ಯ ಅನುವಾದ ಮಾಡಬೇಡಿ. ಪ್ರತಿಯೊಂದು ಹೆಸರಿನ ಪಕ್ಕ ಮೇಲ್ಬಾಣ, ಕೆಳಬಾಣ ಹಾಕುತ್ತಾ ಒಂದು ಸರಪಳಿ ಬರೆಯಿರಿ. ಬಾಣಕ್ಕೆ ಯಾವ ಭಾಷೆಯೂ ಇಲ್ಲ.

ಕೊನೆಗೆ ಸೀನಿಯರುಗಳಿಗೆ ಎರಡು ಮಾತು. ನಿಮ್ಮ ಹಳೇ ನೋಟ್ಸು ಕೊಟ್ಟು 'ಇದನ್ನ ಉರು ಹೊಡಿ' ಅಂತ ಕೈ ತೊಳಕೋಬೇಡಿ. ಉರು ಹೊಡೆದವನು ಪ್ರಶ್ನೆ ಸ್ವಲ್ಪ ತಿರುಗಿ ಬಂದರೆ ಬೀಳ್ತಾನೆ. ಉರು ಹೊಡೆದಿದ್ದಾನೋ ತಿಳಕೊಂಡಿದ್ದಾನೋ ಅಂತ ಗೊತ್ತುಮಾಡಲು ಒಂದೇ ಪ್ರಶ್ನೆ ಸಾಕು: 'ಈ ನರ ಕತ್ತರಿಸಿದರೆ ಆ ಮನುಷ್ಯ ಯಾವ ಕೆಲಸ ಮಾಡಲಾರ?' ಅಂತ ಕೇಳಿ. ಪ್ಯಾರಾವನ್ನ ಮೊದಲಿಂದ ಒಪ್ಪಿಸಲು ಶುರು ಮಾಡಿದರೆ ಅವನಿಗೆ ತಿಳಿದಿಲ್ಲ. ತನ್ನ ಕೈ ಎತ್ತಿ ತೋರಿಸಲು ಹೊರಟರೆ ತಿಳಿದಿದೆ.

ತಿಳಿದವನನ್ನೂ ಕನ್ನಡದಲ್ಲೇ ಬಿಡಬೇಡಿ. ವೈವಾದಲ್ಲಿ ನಮ್ಮ ಹುಡುಗ ಹುಡುಗಿಯರು ಬಾಯಿ ಕಟ್ಟಿ ನಿಲ್ಲೋದು ತಿಳಿಯದೆ ಅಲ್ಲ, ಮೊದಲ ವಾಕ್ಯ ಸಿಗದೆ. ಅದಕ್ಕೆ ಐದು ವಾಕ್ಯದ ಒಂದು ಅಚ್ಚು ಕೊಡಿ: ಇದರ ಹೆಸರು ಇದು, ಇಲ್ಲಿಂದ ಹೊರಡುತ್ತದೆ, ಇಲ್ಲಿ ಸೇರುತ್ತದೆ, ಇಂಥ ಕೆಲಸ ಮಾಡುತ್ತದೆ, ಇಂಥ ನರದ್ದು. ಇಂಗ್ಲಿಷಿನಲ್ಲಿ: ದಿಸ್ ಈಸ್, ಅರೈಸಸ್ ಫ್ರಮ್, ಇನ್ಸರ್ಟ್ಸ್ ಇಂಟು, ಇಟ್ಸ್ ಆಕ್ಷನ್ ಈಸ್, ಈಸ್ ಸಪ್ಲೈಡ್ ಬೈ. ಎಷ್ಟೋ ಸ್ನಾಯುಗಳಿಗೆ ಇದೇ ಅಚ್ಚು ಸಾಕು. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಮೂಳೆ ಕೈಗೆ ಕೊಟ್ಟು, ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿಸಿ. ಮಧ್ಯೆ ವ್ಯಾಕರಣ ತಿದ್ದಬೇಡಿ. ಹೇಳಿ ಮುಗಿಸಲಿ. ಆಮೇಲೆ ಪುಸ್ತಕ ಮುಚ್ಚಿ ಅದೇ ಐದು ವಾಕ್ಯ ಬರೆಯಲಿ. ಪರೀಕ್ಷೆ ಬರವಣಿಗೆಯಲ್ಲಿ ಇರೋದು, ಬಾಯಲ್ಲಿ ಬಂದ ಮಾತ್ರಕ್ಕೆ ಕೈಗೆ ಬರೋದಿಲ್ಲ.

ಇದನ್ನ ಮೊದಲ ತಿಂಗಳಲ್ಲೇ ಶುರು ಮಾಡಬೇಕು. 2023ರ ನಿಯಮದ ಪ್ರಕಾರ ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ. ಫೇಲಾಗಿ ಪೆಟ್ಟಿಗೆ ಕಟ್ಟಿದ ಮೇಲೆ ಸಮಾಧಾನ ಹೇಳಲು ಬರಬೇಡಿ, ಮೊದಲೇ ಬನ್ನಿ.

ಆ ಹುಡುಗ ಪೆಟ್ಟಿಗೆ ಬಿಚ್ಚಿದ. ಎರಡು ತಿಂಗಳಿಗೆ ಮೂರು ಗಂಟೆಯ ಪುಟ ನಲವತ್ತು ನಿಮಿಷಕ್ಕೆ ಬಂತು. ವೈವಾದಲ್ಲಿ ಅವನಿಗೆ ಬಂದದ್ದು ಬೇರೆ ಪ್ರಶ್ನೆ, ಕೈಯದಲ್ಲ. ಕಾಲಿನದು. ಎರಡು ಸಲ ತಡವರಿಸಿ ಹೇಳಿದನಂತೆ. ಪಾಸಾದ. ಈಗ ಅವನ ರೂಮಿನಲ್ಲಿ ಈ ವರ್ಷ ಬಂದ ಇನ್ನೊಬ್ಬ ಕನ್ನಡ ಶಾಲೆಯ ಹುಡುಗ ಇದ್ದಾನೆ. ಅವನ ಪುಸ್ತಕ ತೆಗೆದು ನೋಡಿದೆ. ಹೆಸರುಗಳ ಮೇಲೆ ಪೆನ್ಸಿಲ್ ಬರಹ ಕಮ್ಮಿ. ಎಕ್ಸೆಪ್ಟ್, ವಿಚ್, ಅನ್ಲೆಸ್ ಸುತ್ತ ದುಂಡಗೆ ಗೀಟು ಇದೆ.

ಇಷ್ಟೇ ನನ್ನ ಮಾತು. ಈಗ ಯಾರ ಹತ್ತಿರ ಪುಸ್ತಕ ಇದೆಯೋ ತೆಗೀರಿ. ಒಂದು ಪುಟ ಇಲ್ಲೇ ಒಡೆಯೋಣ.